ಒಂದೇ ಸಂಭಾಷಣೆ, ನಾಲ್ಕು ಸೀಮೆಯ ಮಾತು: ಹಾವು ಕಡಿತದ ಧ್ವನಿನಾಟಕವನ್ನು ಆಯಾ ಊರಿನ ಕನ್ನಡಕ್ಕೆ ಒಗ್ಗಿಸುವ ಬಗೆ

ಶಿವಮೊಗ್ಗದ ನಮ್ಮ ಪುಟ್ಟ ತಂಡವು ಹಳ್ಳಿಗಳಲ್ಲಿ ಆಟೋದ ಧ್ವನಿವರ್ಧಕದಿಂದಲೂ ಮೊಬೈಲ್‌ಗಳಿಂದಲೂ ಕೇಳಿಸುವುದಕ್ಕಾಗಿ ಒಂದೂವರೆ ನಿಮಿಷದ ಧ್ವನಿನಾಟಕಗಳನ್ನು ಮಾಡುತ್ತದೆ. ಹಾವು ಕಚ್ಚಿದಾಗ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ತಿಳಿಸುವ ಒಂದು ನಾಟಕವನ್ನು ನಾವು ಮೊದಲು ತೀರ್ಥಹಳ್ಳಿ ಕಡೆಯವರಿಗಾಗಿ ಬರೆದೆವು. ಅದು ಚೆನ್ನಾಗಿ ನಡೆಯಿತೆಂದು ಅದನ್ನೇ ಧಾರವಾಡ, ಮಂಡ್ಯ ಮತ್ತು ಪುತ್ತೂರು ಕಡೆಗೂ ಮಾಡಿಕೊಡಬೇಕೆಂಬ ಬೇಡಿಕೆ ಬಂದಾಗ, ಇದೇನು ದೊಡ್ಡ ಕೆಲಸ ಎಂದುಕೊಂಡು ನಾನು ಒಂದು ಸಂಜೆ ಕುಳಿತು ಮೂರು ಪ್ರತಿಗಳನ್ನೂ ಬರೆದು ಮುಗಿಸಿದೆ. ಧಾರವಾಡದ ಪ್ರತಿಯಲ್ಲಿ ಪ್ರತಿ ಸಾಲಿನ ಕೊನೆಗೂ ‘ರೀ’ ಸೇರಿಸಿದ್ದೆ, ಮಂಡ್ಯದ ಪ್ರತಿಯಲ್ಲಿ ಹಕಾರವನ್ನೆಲ್ಲ ಕಿತ್ತು ಹಾಕಿದ್ದೆ, ಪುತ್ತೂರಿನ ಪ್ರತಿಯಲ್ಲಿ ಹೆಜ್ಜೆಗೊಂದು ‘ಮಾರಾಯ’ ಇಟ್ಟಿದ್ದೆ. ಹಾವೇರಿಯ ಸ್ನೇಹಿತರೊಬ್ಬರು ಅದನ್ನು ಕೇಳಿ, ಹಾವು ಕಚ್ಚಿಸಿಕೊಂಡ ಹುಡುಗ ಹೆತ್ತ ತಾಯಿಗೆ ‘ಬರ್ರೀ, ನೋಡ್ರೀ’ ಎನ್ನುತ್ತಾನೆಯೇ ಎಂದು ನಕ್ಕರು. ಆ ನಗುವಿನ ನಂತರ ನಾವು ರೂಢಿಸಿಕೊಂಡ ಕ್ರಮವನ್ನು ಅದೇ ನಾಟಕದ ಉದಾಹರಣೆಯೊಂದಿಗೆ ಇಲ್ಲಿ ವಿವರಿಸಿದ್ದೇನೆ.

ಮೊದಲ ಹೆಜ್ಜೆ: ಮೂಲಪ್ರತಿಯಲ್ಲಿ ಬೀಗ ಹಾಕುವ ಸಾಲುಗಳು

ಮೂಲಪ್ರತಿಯನ್ನು ಯಾವ ಸೀಮೆಯದೂ ಅಲ್ಲದ ಸಾದಾ ಬರವಣಿಗೆಯ ಕನ್ನಡದಲ್ಲಿ ಬರೆದುಕೊಳ್ಳಬೇಕು. ತೀರ್ಥಹಳ್ಳಿಯ ಪ್ರತಿಯಿಂದಲೇ ಧಾರವಾಡದ ಪ್ರತಿಯನ್ನು ಮಾಡಲು ಹೊರಟರೆ ಮಲೆನಾಡಿನ ನುಡಿಗಟ್ಟು ಅರಿವಿಲ್ಲದೆ ಅಲ್ಲಿಗೂ ನುಸುಳುತ್ತದೆ. ನಮ್ಮ ನಾಟಕದ ಮೂಲಪ್ರತಿಯ ತಿರುಳು ಇಷ್ಟು:

ಮಗ: ಅಮ್ಮಾ, ನನ್ನ ಕಾಲಿಗೆ ಹಾವು ಕಚ್ಚಿದೆ.
ನೆರೆಯವನು: ಹಗ್ಗ ತೆಗೆದುಕೊಂಡು ಬಾ, ಬಿಗಿಯಾಗಿ ಕಟ್ಟೋಣ.
ತಾಯಿ: ಕಟ್ಟಬಾರದು, ಕೊಯ್ಯಬಾರದು. ಕಾಲನ್ನು ಅಲುಗಾಡಿಸದೆ ಮಲಗಿಸಿ.
ನೆರೆಯವನು: ಹಾಗಾದರೆ ನಾಟಿ ಔಷಧಿ ಕೊಡುವವರ ಬಳಿಗೆ ಹೋಗೋಣ.
ತಾಯಿ: ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಹೊತ್ತು ಹೋಗುತ್ತದೆ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಗೇ ಹೋಗೋಣ.

ಇದರಲ್ಲಿ ಬಿಗಿಯಾಗಿ ಕಟ್ಟಬಾರದು, ಗಾಯವನ್ನು ಕೊಯ್ಯಬಾರದು, ಕಾಲನ್ನು ಅಲುಗಾಡಿಸಬಾರದು, 108ಕ್ಕೆ ಕರೆ ಮಾಡಬೇಕು, ನೇರವಾಗಿ ಆಸ್ಪತ್ರೆಗೆ ಹೋಗಬೇಕು ಎಂಬ ಐದು ಮಾತುಗಳಿಗೆ ನಾವು ಕೆಂಪು ಗೆರೆ ಎಳೆದೆವು. ಇವುಗಳ ಉಚ್ಚಾರ ಬದಲಾಗಬಹುದು, ಆದರೆ ಅರ್ಥ ಕೂದಲೆಳೆಯಷ್ಟೂ ಜರುಗಬಾರದು, ಕ್ರಮವೂ ಬದಲಾಗಬಾರದು. ಉಳಿದದ್ದೆಲ್ಲ, ಎಂದರೆ ಹುಡುಗ ಎಲ್ಲಿದ್ದ, ಏನು ಮಾಡುತ್ತಿದ್ದ, ನೆರೆಯವನು ಹೇಗೆ ಗದರಿದ ಎಂಬುದು, ಸ್ಥಳೀಯರ ಕೈಗೆ ಬಿಟ್ಟ ಭಾಗ.

ಹಾವಿನ ಜಾತಿಯ ಹೆಸರನ್ನು ಮೂಲಪ್ರತಿಯಿಂದಲೇ ತೆಗೆದುಹಾಕಿದ್ದೂ ಈ ಹಂತದಲ್ಲಿಯೇ. ಮೊದಲ ಕರಡಿನಲ್ಲಿ ‘ಕೊಳಕುಮಂಡಲ’ ಎಂದಿತ್ತು. ಹಾವುಗಳ ಹೆಸರು ತಾಲ್ಲೂಕಿನಿಂದ ತಾಲ್ಲೂಕಿಗೆ ಬದಲಾಗುವುದಷ್ಟೇ ಅಲ್ಲ, ಒಂದೇ ಹೆಸರನ್ನು ಎರಡು ಕಡೆ ಎರಡು ಬೇರೆ ಹಾವುಗಳಿಗೆ ಬಳಸುವುದೂ ಉಂಟು. ಪ್ರಥಮ ಚಿಕಿತ್ಸೆಯ ಆ ಐದು ಮಾತುಗಳಿಗೆ ಹಾವಿನ ಹೆಸರು ಬೇಕಾಗಿಯೂ ಇಲ್ಲ. ಹೀಗೆ ಕೆಲವು ತೊಡಕುಗಳನ್ನು ಬಿಡಿಸುತ್ತ ಕೂರುವುದಕ್ಕಿಂತ ಮೂಲದಲ್ಲಿಯೇ ಕತ್ತರಿಸಿಬಿಡುವುದು ಲೇಸು.

ಎರಡನೆಯ ಹೆಜ್ಜೆ: ಸೀಮೆಯನ್ನಲ್ಲ, ಒಬ್ಬ ಮನುಷ್ಯನನ್ನು ಆರಿಸಿಕೊಳ್ಳುವುದು

‘ಉತ್ತರ ಕರ್ನಾಟಕದ ಭಾಷೆ’ ಎಂದು ಹಾಳೆಯ ಮೇಲೆ ಬರೆದುಕೊಂಡರೆ ಕೆಲಸ ಅಲ್ಲಿಗೇ ಕೆಟ್ಟಿತು. ಧಾರವಾಡದ ಹಳ್ಳಿಯವರು ‘ಐತಿ’ ಎನ್ನುವ ಕಡೆ ಕಲಬುರಗಿಯವರು ‘ಅದ’ ಎನ್ನುತ್ತಾರೆ. ಧಾರವಾಡದಲ್ಲಿ ‘ಬರಾಕತ್ತಾನ’ ಎಂದರೆ ಕಲಬುರಗಿಯಲ್ಲಿ ‘ಬರಲತ್ತಾನ’. ಎರಡನ್ನೂ ಒಬ್ಬನ ಬಾಯಿಗೆ ಹಾಕಿದರೆ ಅವನು ಎಲ್ಲಿಯವನೂ ಆಗುವುದಿಲ್ಲ.

ಅಷ್ಟು ದೂರ ಹೋಗುವುದೇ ಬೇಡ, ನಮ್ಮ ಶಿವಮೊಗ್ಗ ಜಿಲ್ಲೆಯನ್ನೇ ನೋಡಬಹುದು. ತೀರ್ಥಹಳ್ಳಿ, ಹೊಸನಗರದ ಕಡೆ ಕೇಳುವ ‘ಎಂತ ಮಾರಾಯ’ ಶಿಕಾರಿಪುರ, ಶಿರಾಳಕೊಪ್ಪದ ಕಡೆಗೆ ಹೋಗುತ್ತಿದ್ದಂತೆ ತೆಳುವಾಗುತ್ತದೆ, ಹಾವೇರಿಯ ಗಾಳಿ ಬೀಸತೊಡಗುತ್ತದೆ. ಸಾಗರದಲ್ಲಿ ಹವ್ಯಕರ ಮನೆಯಲ್ಲಿ ‘ಮಾಣಿ’ ಎನಿಸಿಕೊಳ್ಳುವ ಹುಡುಗ ಪಕ್ಕದ ದೀವರ ಮನೆಯಲ್ಲಿ ಮಾಣಿಯಲ್ಲ. ಭದ್ರಾವತಿಯಲ್ಲಿ ಕಾರ್ಖಾನೆಯ ಕಾಲದಿಂದ ನೆಲೆಸಿದ ತಮಿಳು ಮಾತಿನ ಮನೆಗಳಿವೆ, ಅವರ ಕನ್ನಡದ ಲಯವೇ ಬೇರೆ. ಆದ್ದರಿಂದ ‘ಮಲೆನಾಡಿನ ಕನ್ನಡ’ ಎಂದು ಬರೆದುಕೊಳ್ಳುವ ಬದಲು ನಾವು ‘ತೀರ್ಥಹಳ್ಳಿ ತಾಲ್ಲೂಕಿನ, ಐವತ್ತು ದಾಟಿದ, ಒಂದೆರಡು ಎಕರೆ ಅಡಿಕೆ ತೋಟವಿರುವ ತಾಯಿ, ಪಿಯುಸಿ ಓದುತ್ತಿರುವ ಮಗ’ ಎಂದು ಬರೆದುಕೊಂಡೆವು. ತಾಲ್ಲೂಕು, ವಯಸ್ಸು, ಕಸುಬು, ಓದು ಈ ನಾಲ್ಕು ಗೊತ್ತಾದ ಕೂಡಲೇ ಮಾತಿನ ಅರ್ಧ ಭಾಗ ತಾನಾಗಿ ತೀರ್ಮಾನವಾಗುತ್ತದೆ. ಪಿಯುಸಿ ಓದುವ ಮಗನ ಮಾತು ತಾಯಿಯ ಮಾತಿಗಿಂತ ಸ್ವಲ್ಪ ಪೇಟೆಯ ಕಡೆಗೆ ವಾಲಿರುತ್ತದೆ, ಅದನ್ನು ಹಾಗೆಯೇ ಬಿಡಬೇಕು. ಒಂದು ಮನೆಯ ಮೂರು ಜನರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಮಾತನಾಡಿದರೆ ಕೇಳುವವರಿಗೆ ಅದು ನಾಟಕದ ಮಾತೆಂದು ತಕ್ಷಣ ಗೊತ್ತಾಗುತ್ತದೆ.

ಕರಾವಳಿಯ ಪ್ರತಿಯಲ್ಲಿ ಈ ಹೆಜ್ಜೆಯೇ ನಮ್ಮ ದೃಶ್ಯವನ್ನು ಬದಲಾಯಿಸಿತು. ಪುತ್ತೂರಿನ ಬಹುಪಾಲು ಮನೆಗಳಲ್ಲಿ ತಾಯಿ ಮಗನ ನಡುವಿನ ಮಾತು ತುಳುವಿನಲ್ಲಿಯೋ ಬ್ಯಾರಿಯಲ್ಲಿಯೋ ಕೊಂಕಣಿಯಲ್ಲಿಯೋ ಹವ್ಯಕದಲ್ಲಿಯೋ ನಡೆಯುತ್ತದೆ, ನಾವು ‘ಮಂಗಳೂರು ಕನ್ನಡ’ ಎನ್ನುವುದು ಹೆಚ್ಚಾಗಿ ಶಾಲೆ, ಅಂಗಡಿ, ಕಚೇರಿಯ ಮಾತು. ಹಾವು ಕಚ್ಚಿದ ಗಾಬರಿಯಲ್ಲಿ ಮಗ ಅಮ್ಮನನ್ನು ಕನ್ನಡದಲ್ಲಿ ಕರೆದರೆ ಅಲ್ಲಿನವರಿಗೆ ಅದೇ ಮೊದಲ ಅಪಸ್ವರ. ಹಾಗಾಗಿ ಅಲ್ಲಿಗೆ ದೃಶ್ಯವನ್ನು ಮನೆಯಿಂದ ಶಾಲೆಯ ಹಿತ್ತಲಿಗೆ ಸಾಗಿಸಿ, ತಾಯಿಯ ಜಾಗದಲ್ಲಿ ಟೀಚರನ್ನೂ ನೆರೆಯವನ ಜಾಗದಲ್ಲಿ ತೋಟದ ಕೆಲಸಕ್ಕೆ ಬಂದ ಒಬ್ಬರನ್ನೂ ಇಟ್ಟೆವು. ಕನ್ನಡ ಸಹಜವಾಗಿ ಹುಟ್ಟುವ ಜಾಗಕ್ಕೆ ಕಥೆಯನ್ನು ಒಯ್ಯದೆ ಬರೀ ಪದಗಳನ್ನು ತಿದ್ದುತ್ತ ಕೂತರೆ ಈ ತೊಂದರೆ ನೀಗುವುದಿಲ್ಲ.

ಮೂರನೆಯ ಹೆಜ್ಜೆ: ಕ್ರಿಯಾಪದದ ಬಾಲ

ಒಂದು ಸೀಮೆಯ ಮಾತನ್ನು ಆ ಸೀಮೆಯದಾಗಿ ಮಾಡುವುದು ಅಲ್ಲಿನ ವಿಶೇಷ ಪದಗಳು ಎಂದು ಹೊರಗಿನವರು ತಿಳಿಯುತ್ತಾರೆ. ವಿಶೇಷ ಪದ ಒಂದೂವರೆ ನಿಮಿಷದಲ್ಲಿ ಎರಡೋ ಮೂರೋ ಬಂದೀತು, ಆದರೆ ಕ್ರಿಯಾಪದ ಪ್ರತಿ ವಾಕ್ಯದಲ್ಲೂ ಬರುತ್ತದೆ, ಅದರ ಬಾಲ ತಪ್ಪಿದರೆ ಪ್ರತಿ ವಾಕ್ಯವೂ ತಪ್ಪುತ್ತದೆ. ಆದ್ದರಿಂದ ಸಂಭಾಷಣೆಗೆ ಕೈ ಹಾಕುವ ಮೊದಲು ಆಯಾ ಸೀಮೆಯ ಒಬ್ಬರೊಂದಿಗೆ ಕುಳಿತು ಮೂರು ರೂಪಗಳನ್ನು ಬರೆದುಕೊಳ್ಳುವುದು ಒಳ್ಳೆಯದು.

ಮೊದಲನೆಯದು ‘ಬರುತ್ತದೆ’. ತೀರ್ಥಹಳ್ಳಿಯಲ್ಲೂ ಪುತ್ತೂರಿನಲ್ಲೂ ಅದು ‘ಬರ್ತದೆ’, ಮಂಡ್ಯದ ಹಳ್ಳಿಯಲ್ಲಿ ‘ಬತ್ತದೆ’, ಧಾರವಾಡದ ಹಳ್ಳಿಯಲ್ಲಿ ‘ಬರ್ತೈತಿ’. ‘ಬರುತ್ತೆ’ ಎಂಬುದು ಬೆಂಗಳೂರಿನ ಪೇಟೆಯ ರೂಪ, ಟಿವಿಯಿಂದಾಗಿ ಎಲ್ಲರ ಕಿವಿಗೂ ಪರಿಚಿತ, ಅದಕ್ಕಾಗಿಯೇ ಬರೆಯುವವರ ಕೈಯಿಂದ ಗಮನಕ್ಕೆ ಬಾರದಂತೆ ಜಾರಿ ಬೀಳುತ್ತದೆ. ಎರಡನೆಯದು ‘ಬರುತ್ತಾ ಇದೆ’. ಇದು ಧಾರವಾಡದಲ್ಲಿ ‘ಬರಾಕತ್ತೈತಿ’, ಪುತ್ತೂರಿನಲ್ಲಿ ‘ಬರ್ತಾ ಉಂಟು’. ಮೂರನೆಯದು ‘ಹೋಗೋಣ’. ತೀರ್ಥಹಳ್ಳಿಯಲ್ಲಿ ‘ಹೋಗಣ’, ಧಾರವಾಡದಲ್ಲಿ ‘ಹೋಗೂಣು’, ಮಂಡ್ಯದಲ್ಲಿ ‘ಹೋಗವ’ ಅಥವಾ ‘ಓಗವ’, ಪುತ್ತೂರಿನಲ್ಲಿ ‘ಹೋಗುವ’.

ಈ ಮೂರು ಕೈಗೆ ಸಿಕ್ಕರೆ ನಮ್ಮಂಥ ಸಣ್ಣ ನಾಟಕದ ಬಹುಪಾಲು ಸಾಲುಗಳು ದಾರಿಗೆ ಬರುತ್ತವೆ. ಆದರೆ ಸಾಲನ್ನು ನೀವೇ ಬರೆದು ‘ಇದು ಸರಿಯೇ’ ಎಂದು ಕೇಳಬಾರದು. ಮರ್ಯಾದೆಗೆ ಯಾರಾದರೂ ‘ಸರಿಯಿದೆ, ಸರಿಯಿದೆ’ ಎಂದುಬಿಡುತ್ತಾರೆ. ಸಂದರ್ಭವನ್ನು ಮಾತ್ರ ಹೇಳಿ, ‘ನಿಮ್ಮ ಮನೆಯಲ್ಲಿ ಹೀಗಾದರೆ ನಿಮ್ಮ ಅಮ್ಮ ಏನು ಹೇಳುತ್ತಾರೆ’ ಎಂದು ಕೇಳಿ, ಅವರ ಬಾಯಿಂದ ಬಂದುದನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿಕೊಂಡು ಆಮೇಲೆ ಬರೆದುಕೊಳ್ಳಬೇಕು.

ನಿಷೇಧದ ರೂಪ: ಇಲ್ಲಿ ನಿಂತು ನೋಡಬೇಕು

ಮೂರೂ ರೂಪಗಳಿಗಿಂತ ನಮ್ಮನ್ನು ಹೆಚ್ಚು ಕಾಡಿದ್ದು ‘ಕಟ್ಟಬಾರದು’ ಎಂಬ ಒಂದು ಮಾತು. ಪುತ್ತೂರಿನ ಪ್ರತಿಗೆ ಧ್ವನಿ ಕೊಟ್ಟವರು ಅದನ್ನು ಸಹಜವಾಗಿ ‘ಕಟ್ಟಲಿಕ್ಕಿಲ್ಲ’ ಎಂದರು. ಕರಾವಳಿಯಲ್ಲಿ ಅದು ಖಂಡಿತವಾದ ನಿಷೇಧ. ‘ಅಲ್ಲಿ ಹೋಗ್ಲಿಕ್ಕಿಲ್ಲ’ ಎಂದು ದೊಡ್ಡವರು ಹೇಳಿದರೆ ಅಲ್ಲಿಗೆ ಹೋಗಕೂಡದು ಎಂದೇ ಅರ್ಥ. ಆ ರೂಪದ ಗತ್ತು ನಮಗೆ ಎಷ್ಟು ಹಿಡಿಸಿತೆಂದರೆ ಅದನ್ನೇ ತೀರ್ಥಹಳ್ಳಿ ಪ್ರತಿಯ ಪರಿಷ್ಕರಣೆಗೂ ತಂದೆವು. ಆದರೆ ಘಟ್ಟದ ಮೇಲೆ ‘ಅವನು ಇವತ್ತು ಬರಲಿಕ್ಕಿಲ್ಲ’ ಎಂದರೆ ಬಹುಶಃ ಬರಲಾರ ಎಂಬ ಊಹೆ. ಸಾಗರದ ಕಡೆಯ ಒಬ್ಬ ಹಿರಿಯರಿಗೆ ಕೇಳಿಸಿ, ಆ ಅಮ್ಮ ಏನೆಂದರು ಎಂದು ವಿಚಾರಿಸಿದಾಗ, ‘ಆಸ್ಪತ್ರೆಲಿ ಹಗ್ಗ ಕಟ್ಟಕ್ಕಿಲ್ಲ ಅಂತ ಅವಳ ಲೆಕ್ಕ’ ಎಂದರು. ಕಟ್ಟಕೂಡದೆಂಬ ವೈದ್ಯಕೀಯ ಎಚ್ಚರಿಕೆ ಅವರ ಕಿವಿಯಲ್ಲಿ ‘ಅವರು ಕಟ್ಟುವ ಹಾಗೆ ಕಾಣದು’ ಎಂಬ ಅಂದಾಜಾಗಿ ಇಳಿದಿತ್ತು.

‘ಕಟ್ಟುವುದು ಬೇಡ’ ಎಂಬುದರಲ್ಲೂ ಇಂಥದೇ ಒಂದು ಸಡಿಲಿದೆ. ‘ಚಹಾ ಬೇಡ’ ಎಂಬಲ್ಲಿ ಇರುವ ‘ಅಗತ್ಯವಿಲ್ಲ’ ಎಂಬ ಛಾಯೆ ಅದಕ್ಕೂ ಅಂಟಿಕೊಂಡಿರುತ್ತದೆ, ಕಟ್ಟಿದರೂ ನಡೆದೀತು ಎಂದು ಕೇಳುವವರು ತಿಳಿಯಬಹುದು. ಬಿಗಿಯಾಗಿ ಕಟ್ಟಿದರೆ ರಕ್ತ ಸಂಚಾರ ನಿಂತು ಕಾಲಿಗೇ ಕುತ್ತು ಬರುತ್ತದೆ, ಆದ್ದರಿಂದ ಇಲ್ಲಿ ಸಡಿಲು ಸಲ್ಲದು. ಕೊನೆಗೆ ನಾಲ್ಕೂ ಪ್ರತಿಗಳಲ್ಲಿ ‘ಬಾರ್ದು’ ಎಂಬ ಒಂದೇ ರೂಪವನ್ನು ಉಳಿಸಿಕೊಂಡೆವು. ‘ಕಟ್ಟಬಾರ್ದು’, ‘ಕಟ್ಬಾರ್ದು’ ಎಂದು ಸ್ವರ ಹಿಗ್ಗಿ ಕುಗ್ಗಬಹುದು, ಎಲ್ಲಿಯೂ ಅದು ನಿಷೇಧವಾಗಿಯೇ ಉಳಿಯುತ್ತದೆ. ಕೆಂಪು ಗೆರೆಯ ಸಾಲುಗಳಲ್ಲಿ ಸ್ಥಳೀಯ ಸೊಗಸಿಗಿಂತ ಎಲ್ಲ ಸೀಮೆಗೂ ಒಂದೇ ಅರ್ಥ ಕೊಡುವ ರೂಪವನ್ನೇ ಆರಿಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಸೊಗಸನ್ನು ನೆರೆಯವನ ಬಾಯಿಗೆ ಬಿಡಬಹುದು, ಅವನು ಹೇಳುವುದು ಹೇಗೂ ತಪ್ಪು ಸಲಹೆ.

‘ಹೋಗುವ’ ಎಂಬುದಕ್ಕೂ ಇದೇ ಜಾತಿಯ ಅಪಾಯವಿದೆ. ಕರಾವಳಿಯಲ್ಲಿ ಅದು ‘ಹೋಗೋಣ’, ಉಳಿದ ಕಡೆ ‘ಹೋಗುವ ಬಸ್ಸು’ ಎಂಬಲ್ಲಿನ ‘ಹೋಗುವ’. ‘ಆಸ್ಪತ್ರೆಗೆ ಹೋಗುವ’ ಎಂದು ಪುತ್ತೂರಿನ ಧ್ವನಿಯಲ್ಲಿ ಕೇಳಿದ ದಾವಣಗೆರೆಯವರು ವಾಕ್ಯ ಇನ್ನೂ ಮುಗಿದಿಲ್ಲವೆಂದು ಕಾಯುತ್ತಾರೆ. ಪ್ರತಿಗಳು ಮೊಬೈಲ್‌ನಲ್ಲಿ ಜಿಲ್ಲೆ ದಾಟಿ ಹರಿದಾಡುವುದರಿಂದ ಇದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು, ಆದರೆ ಇದು ಪ್ರಾಣಕ್ಕೆ ಬರುವ ಗೊಂದಲವಲ್ಲವಾದ್ದರಿಂದ ನಾವು ಹಾಗೆಯೇ ಬಿಟ್ಟೆವು.

ನಾಲ್ಕನೆಯ ಹೆಜ್ಜೆ: ಯಾರು ಯಾರನ್ನು ಹೇಗೆ ಕರೆಯುತ್ತಾರೆ

ಮೊದಲು ಹೇಳಿದ ‘ರೀ’ ಪ್ರಸಂಗ ಈ ಹೆಜ್ಜೆಗೆ ಸೇರಿದ್ದು. ಧಾರವಾಡದ ಮಾತಿನಲ್ಲಿ ‘ರೀ’ ಹೆಚ್ಚು ಕೇಳಿಸುವುದು ನಿಜ, ಆದರೆ ಅದು ಗೌರವದ ಗುರುತೇ ಹೊರತು ಸೀಮೆಯ ಮೊಹರಲ್ಲ. ಹಳ್ಳಿಯ ಹುಡುಗ ತಾಯಿಯನ್ನು ‘ಯವ್ವಾ’ ಎಂದು ಏಕವಚನದಲ್ಲಿ ಕರೆಯುತ್ತಾನೆ. ತಾಯಿ ಪಕ್ಕದ ಮನೆಯ ಹಿರಿಯನಿಗೆ ‘ಮಲಗಸ್ರಿ’ ಎನ್ನುತ್ತಾಳೆ. ಆ ಹಿರಿಯ ಹುಡುಗನಿಗೆ ‘ತಮ್ಮಾ’ ಎನ್ನುತ್ತಾನೆ. ಮೂವರಿರುವ ನಾಟಕದಲ್ಲಿ ಆರು ದಿಕ್ಕಿನ ಸಂಬೋಧನೆಗಳಿರುತ್ತವೆ. ಹಾಳೆಯ ಮೇಲೆ ಮೂರು ಹೆಸರುಗಳನ್ನು ಬರೆದು, ಒಬ್ಬೊಬ್ಬರಿಂದ ಇನ್ನೊಬ್ಬರಿಗೆ ಬಾಣ ಎಳೆದು, ಪ್ರತಿ ಬಾಣದ ಮೇಲೂ ಕರೆಯುವ ಪದವನ್ನೂ ‘ನೀ’ಯೋ ‘ನೀವು’ವೋ ಎಂಬುದನ್ನೂ ತುಂಬಿದರೆ ಐದು ನಿಮಿಷದ ಕೆಲಸ. ಮಂಡ್ಯದ ಹಾಳೆಯಲ್ಲಿ ಮಗನಿಂದ ತಾಯಿಗೆ ‘ಅವ್ವ’, ಹಿರಿಯನಿಂದ ಹುಡುಗನಿಗೆ ‘ಲಾ’ ಎಂದು ಬಂತು. ಅದೇ ‘ಲಾ’ವನ್ನು ಹುಡುಗ ಹಿರಿಯನಿಗೆ ಹೇಳಿದರೆ ಹಾವಿನ ಕಥೆ ಅಲ್ಲಿಗೇ ನಿಂತು ಜಗಳದ ಕಥೆ ಶುರುವಾಗುತ್ತದೆ.

ಐದನೆಯ ಹೆಜ್ಜೆ: ಕೆಲಸ, ವಸ್ತು, ಪದ

ಹುಡುಗನಿಗೆ ಹಾವು ಕಚ್ಚುವ ಜಾಗವನ್ನು ಆ ಊರಿನ ಕೆಲಸವೇ ತೀರ್ಮಾನಿಸಬೇಕು. ತೀರ್ಥಹಳ್ಳಿಯಲ್ಲಿ ಅವನು ಸಂಜೆ ತೋಟದಲ್ಲಿ ಅಡಿಕೆ ಮರದಿಂದ ಬಿದ್ದ ಹಾಳೆ ಹೆಕ್ಕುತ್ತಿದ್ದ. ಧಾರವಾಡಕ್ಕೆ ಹೋದಾಗ ತೋಟವೂ ಹಾಳೆಯೂ ‘ಹೆಕ್ಕು’ ಎಂಬ ಕ್ರಿಯಾಪದವೂ ಒಟ್ಟಿಗೇ ಬಿದ್ದುಹೋದವು, ಅವನು ಜೋಳದ ಹೊಲದಲ್ಲಿ ದನಕ್ಕೆ ಮೇವು ಕೊಯ್ಯುತ್ತಿದ್ದ. ಮಂಡ್ಯದಲ್ಲಿ ಕಬ್ಬಿನ ಗದ್ದೆ.

ಪದಗಳಲ್ಲಿ ನಿಜವಾಗಿ ಬದಲಾಗಬೇಕಾದವು ನಮ್ಮ ನಾಟಕದಲ್ಲಿ ಬೆರಳೆಣಿಕೆಯಷ್ಟೇ ಇದ್ದವು. ಧಾರವಾಡದಲ್ಲಿ ಹಾವು ಕಚ್ಚುವುದಿಲ್ಲ, ಕಡಿಯುತ್ತದೆ. ಅಲ್ಲಿ ಫೋನನ್ನು ಹಚ್ಚುತ್ತಾರೆ, ಆಸ್ಪತ್ರೆ ಹಳ್ಳಿಯವರ ಬಾಯಲ್ಲಿ ದವಾಖಾನಿ. ನಾಟಿ ಔಷಧಿ ಅಲ್ಲಿ ಗಾಂವಠಿ ಔಷಧ, ನಮ್ಮಲ್ಲಿ ಬರೀ ಮದ್ದು. ಪುತ್ತೂರಿನಲ್ಲಿ ಹಗ್ಗಕ್ಕೆ ಬಳ್ಳಿ ಎನ್ನುವುದುಂಟು, ಘಟ್ಟದ ಮೇಲಿನವರು ಕೇಳಿದರೆ ಕಾಡಿನ ಬಳ್ಳಿ ಕಿತ್ತು ತರಲು ಹೇಳಿದರೆಂದು ತಿಳಿದಾರು. ಇಷ್ಟರ ಮೇಲೆ ಇನ್ನಷ್ಟು ಸೀಮೆಯ ಪದಗಳನ್ನು ಹುಡುಕಿ ಹುಡುಕಿ ತುರುಕುವುದು ಜಾತ್ರೆಗೆ ಹೊರಟವರ ಮೈಮೇಲಿನ ಒಡವೆಯಂತೆ ಕಾಣುತ್ತದೆ. ಇಂಜೆಕ್ಷನ್ ಎಂಬುದು ಎಲ್ಲ ಕಡೆಯೂ ಇಂಜೆಕ್ಷನ್ನೇ, ಅದನ್ನು ಮುಟ್ಟಬೇಕಾಗಿಲ್ಲ.

ಈ ಹಂತದ ಕೊನೆಗೆ ನಮ್ಮ ಕೈಯಲ್ಲಿದ್ದ ತೀರ್ಥಹಳ್ಳಿಯ ಪ್ರತಿ ಹೀಗಿತ್ತು:

ಮಗ: ಅಮ್ಮಾ, ಹಾಳೆ ಹೆಕ್ಕಕ್ಕೆ ಹೋಗಿದ್ದೆ, ಕಾಲಿಗೆ ಹಾವು ಕಚ್ಚಿತು.
ನೆರೆಯವನು: ಎಂತ ಮಾರಾಯ, ಸುಮ್ಮನೆ ನಿಂತ್ಕಂಡಿದೀಯಲ್ಲ! ಒಂದು ಹಗ್ಗ ತಗಂಬಾ, ಬಿಗಿಯಾಗಿ ಕಟ್ಟಣ.
ತಾಯಿ: ಕಟ್ಟಬಾರ್ದು. ಕೊಯ್ಯಲೂಬಾರ್ದು. ಕಾಲು ಅಲ್ಲಾಡಿಸದೆ ಹಾಗೇ ಮಲಗ್ಸಿ.
ನೆರೆಯವನು: ಹಂಗಾರೆ ಮದ್ದು ಕೊಡೋರ ಹತ್ರ ಕರ್ಕಂಡು ಹೋಗಣ.
ತಾಯಿ: ಅಲ್ಲಿಗೆ ಹೋಗಿ ಬರೋದ್ರೊಳಗೆ ಹೊತ್ತು ಹೋಗ್ತದೆ. ನೂರೆಂಟಕ್ಕೆ ಫೋನ್ ಮಾಡಿ. ಆಸ್ಪತ್ರೆಗೇ ಹೋಗಣ.

ಧಾರವಾಡದ್ದು ಹೀಗೆ:

ಮಗ: ಯವ್ವಾ, ಮೇವು ಕೊಯ್ಯಾಕ ಹೋಗಿದ್ನಿ, ಕಾಲಿಗೆ ಹಾವು ಕಡೀತು.
ನೆರೆಯವನು: ಏ ತಮ್ಮಾ, ಹಂಗ ಯಾಕ ನಿಂತಿ? ಹಗ್ಗಾ ತಗೊಂಡ್ ಬಾ, ಬಿಗಿಯಾಗಿ ಕಟ್ಟೂಣು.
ತಾಯಿ: ಕಟ್ಟಬಾರ್ದು. ಕೊಯ್ಯಬಾರ್ದು. ಕಾಲು ಅಳ್ಳಾಡಸದ ಹಂಗ ಮಲಗಸ್ರಿ.
ನೆರೆಯವನು: ಹಂಗಾದ್ರ ಗಾಂವಠಿ ಔಷಧ ಕೊಡೋರ ಕಡೆ ಹೋಗೂಣು ನಡೀರಿ.
ತಾಯಿ: ಅಲ್ಲಿಗೆ ಹೋಗಿ ಬರೂದ್ರಾಗ ಹೊತ್ತು ಹೋಗ್ತೈತಿ. ನೂರಾ ಎಂಟಕ್ಕ ಫೋನ್ ಹಚ್ರಿ. ದವಾಖಾನಿಗೇ ಹೋಗೂಣು.

ಧಾರವಾಡದ ಪ್ರತಿಯಲ್ಲಿ ‘ಮೇವು ಕೊಯ್ಯಾಕ’ ಮತ್ತು ‘ಕೊಯ್ಯಬಾರ್ದು’ ಎಂಬ ಎರಡು ಕೊಯ್ಲುಗಳು ಹತ್ತಿರ ಹತ್ತಿರ ಬಿದ್ದದ್ದು ಧ್ವನಿಮುದ್ರಣದ ದಿನ ಗಮನಕ್ಕೆ ಬಂತು. ಕೆಂಪು ಗೆರೆಯ ‘ಕೊಯ್ಯಬಾರ್ದು’ ಮೇವಿಗೆ ಸಂಬಂಧಿಸಿದ್ದೆಂದು ಕೇಳುವ ಅವಕಾಶವಿತ್ತು. ಮೇವನ್ನು ‘ತರಾಕ’ ಹೋಗಿದ್ದನೆಂದು ಬದಲಾಯಿಸಿ, ತಾಯಿಯ ಸಾಲಿಗೆ ‘ಗಾಯಾ’ ಎಂಬ ಪದವನ್ನು ಸೇರಿಸಿದೆವು. ದೃಶ್ಯ ಬದಲಾದಾಗ ಹೊಸ ದೃಶ್ಯದ ಪದಗಳು ಬೀಗ ಹಾಕಿದ ಸಾಲುಗಳಿಗೆ ತಗುಲುತ್ತವೆಯೇ ಎಂದು ಪ್ರತಿ ಸಲವೂ ನೋಡಬೇಕು.

ಮಂಡ್ಯದ ಪ್ರತಿಯಿಂದ ನೆರೆಯವನ ಒಂದು ಸಾಲನ್ನಷ್ಟೇ ತೋರಿಸುತ್ತೇನೆ: ‘ಏನ್ಲಾ ನಿಂತ್ಕೊಂಡು ನೋಡ್ತಿದ್ದೀಯೆ? ಹಗ್ಗ ತತ್ತಾ, ಬಿಗಿಯಾಗಿ ಕಟ್ಟವ.’ ಇಲ್ಲಿ ‘ಹಗ್ಗ’ವನ್ನು ‘ಅಗ್ಗ’ ಎಂದು ಬರೆದಿಲ್ಲ. ಆ ಕಡೆ ಹಕಾರ ಬಿಡುವವರಿದ್ದಾರೆ, ಬಿಡದವರೂ ಇದ್ದಾರೆ. ಹೊರಗಿನವರು ಅದನ್ನು ನಗೆಯಾಟಕ್ಕೆ ಬಳಸಿ ಬಳಸಿ ಅಲ್ಲಿನವರಿಗೆ ಅದು ಸೂಕ್ಷ್ಮ ವಿಷಯವಾಗಿದೆ. ಕಾಗದದ ಮೇಲೆ ಹಕಾರವನ್ನು ಇಟ್ಟು, ಧ್ವನಿ ಕೊಡುವವರು ಆ ಊರಿನವರೇ ಆಗಿದ್ದು ತಮ್ಮ ಬಾಯಿಗೆ ಬಂದಂತೆ ಬಿಟ್ಟರೆ ಬಿಡಲಿ ಎಂದುಕೊಳ್ಳುವುದೇ ಸರಿ. ‘ತತ್ತಾ’ ಮತ್ತು ‘ಕಟ್ಟವ’ ಎಂಬ ಎರಡು ಬಾಲಗಳಿಂದಲೇ ಅವನು ಮಂಡ್ಯದವನಾಗಿದ್ದಾನೆ, ಅದಕ್ಕೆ ಹಕಾರದ ಬಲಿ ಬೇಕಿಲ್ಲ.

ಆರನೆಯ ಹೆಜ್ಜೆ: ಬರೆಯುವ ಬಗೆ

ಆಡುಮಾತನ್ನು ಇದ್ದದ್ದು ಇದ್ದಂತೆಯೇ ಲಿಪಿಗೆ ಇಳಿಸಲು ಹೋದರೆ ಓದುವವರು ತಡವರಿಸುತ್ತಾರೆ. ಬರಹವು ಧ್ವನಿ ಕೊಡುವವರಿಗೆ ಸುಳಿವಾಗಿದ್ದರೆ ಸಾಕು. ಕ್ರಿಯಾಪದದ ಬಾಲವನ್ನು ಆಡುವಂತೆಯೇ ಬರೆದು, ನಾಮಪದಗಳನ್ನು ಆದಷ್ಟು ಸಾದಾ ಕಾಗುಣಿತದಲ್ಲಿ ಇಟ್ಟರೆ ಕಣ್ಣಿಗೂ ಸುಲಭ, ನಾಲಿಗೆಗೂ ಸುಲಭ. ಕಂಪ್ಯೂಟರಿನಲ್ಲಿ ಟೈಪ್ ಮಾಡುವಾಗ ಒಂದು ಸಣ್ಣ ಕಾಟವಿದೆ. ಅರ್ಧಾಕ್ಷರದ ಮುಂದೆ ಇನ್ನೊಂದು ಅಕ್ಷರ ಬಂದ ಕೂಡಲೇ ಅದು ಒತ್ತಾಗಿ ಕೆಳಗೆ ಇಳಿದುಬಿಡುತ್ತದೆ, ‘ಕಚ್‌ಬುಡ್ತು’ ಎಂಬಂಥ ಪದ ಒತ್ತುಗಳ ರಾಶಿಯಾಗಿ ಕಾಣುತ್ತದೆ. ಎರಡು ಅಕ್ಷರಗಳ ನಡುವೆ U+200C ಎಂಬ ಕಾಣದ ಅಕ್ಷರವನ್ನು ಸೇರಿಸಿದರೆ ಒತ್ತು ಬಿಡುತ್ತದೆ. ಅದು ಕಿರಿಕಿರಿಯೆನಿಸಿದರೆ ‘ಕಚ್ಚಿಬುಡ್ತು’ ಎಂದು ಬಿಡಿಸಿ ಬರೆದು, ಬಾಯಲ್ಲಿ ನುಂಗಿಕೊಳ್ಳಲಿ ಎಂದು ಬಿಟ್ಟರೂ ನಷ್ಟವಿಲ್ಲ.

ಕಾಲದ ಅಳತೆಯೂ ಸೀಮೆಯಿಂದ ಸೀಮೆಗೆ ಬದಲಾಗುತ್ತದೆ. ಮಂಡ್ಯದ ಮಾತಿನಲ್ಲಿ ನಡುವಿನ ಸ್ವರಗಳು ಬಿದ್ದುಹೋಗುವುದರಿಂದ ಸಾಲು ಬೇಗ ಮುಗಿಯುತ್ತದೆ, ಕರಾವಳಿಯವರು ಸ್ವರಗಳನ್ನು ಪೂರ್ತಿಯಾಗಿ ಉಚ್ಚರಿಸುವುದರಿಂದ ಅದೇ ಸಾಲು ಹೆಚ್ಚು ಹೊತ್ತು ಹಿಡಿಯುತ್ತದೆ. ನಮ್ಮ ಪುತ್ತೂರಿನ ಪ್ರತಿ ಒಂದೂವರೆ ನಿಮಿಷವನ್ನು ದಾಟಿತು. ಆಗ ಧ್ವನಿ ಕೊಡುವವರಿಗೆ ಬೇಗ ಓದಿ ಎನ್ನಬಾರದು, ಓಡಿಸಿದರೆ ಆ ಮಾತಿನ ಗುರುತೇ ಅಳಿಸುತ್ತದೆ. ನೆರೆಯವನ ಒಂದು ಸಾಲನ್ನು ನಾವು ಕತ್ತರಿಸಿದೆವು.

ಏಳನೆಯ ಹೆಜ್ಜೆ: ಕೇಳಿಸಿ ತಿರುಗಿ ಹೇಳಿಸುವುದು

ಒಪ್ಪಿಗೆಗೆ ಮೊದಲು ಆಯಾ ತಾಲ್ಲೂಕಿನ, ನಾಟಕದ ವಿಷಯವೇ ಗೊತ್ತಿಲ್ಲದ ಮೂವರಿಗೆ ಧ್ವನಿಯನ್ನು ಒಂದೇ ಒಂದು ಸಲ ಕೇಳಿಸಬೇಕು, ಹಾಳೆಯನ್ನು ತೋರಿಸಬಾರದು. ಮೂವರಲ್ಲಿ ಒಬ್ಬರಾದರೂ ವಯಸ್ಸಾದವರಿರಲಿ. ಆಮೇಲೆ ಎರಡೇ ಪ್ರಶ್ನೆ: ಇವರು ಯಾವ ಕಡೆಯವರು, ಆ ತಾಯಿ ಏನೇನು ಮಾಡಬಾರದು ಎಂದಳು. ಎರಡನೆಯ ಪ್ರಶ್ನೆಗೆ ಒಬ್ಬರು ತಪ್ಪಿದರೂ ಸಾಲನ್ನು ತಿದ್ದಬೇಕು, ಇದರಲ್ಲಿ ರಾಜಿಯಿಲ್ಲ. ಮೊದಲನೆಯದಕ್ಕೆ ‘ನಮ್ಮ ಪಕ್ಕದ ತಾಲ್ಲೂಕಿನವರಿರಬೇಕು’ ಎಂಬ ಉತ್ತರ ಬಂದರೆ ಚಿಂತಿಸಬೇಕಾಗಿಲ್ಲ, ‘ನಾಟಕದವರು’ ಎಂಬ ಉತ್ತರ ಬಂದರೆ ಎರಡನೆಯ ಹೆಜ್ಜೆಗೆ ಹಿಂದಿರುಗಬೇಕು. ಕೇಳುವಾಗ ಅವರ ಮುಖವನ್ನೂ ನೋಡುತ್ತಿರಬೇಕು. ನೆರೆಯವನು ಗದರಿದಾಗ ನಕ್ಕರೆ ಸರಿಯಾದ ಜಾಗದ ನಗು. ಹುಡುಗ ಅಮ್ಮನನ್ನು ಕರೆದಾಗ ನಕ್ಕರೆ ಸಂಬೋಧನೆಯ ಹಾಳೆಯಲ್ಲಿ ಏನೋ ತಪ್ಪಿದೆ.

ಕೊನೆಗೆ ಉಳಿಯುವುದು ದೂರವಾಣಿ ಸಂಖ್ಯೆ. 108ನ್ನು ‘ನೂರೆಂಟು’, ‘ನೂರಾ ಎಂಟು’, ‘ಒನ್ ಜೀರೋ ಏಯ್ಟ್’ ಎಂದು ಮೂರು ಬಗೆಯಲ್ಲಿ ಕೇಳಿದ್ದೇವೆ. ಮಾತಿನ ನಡುವೆ ತಾಯಿ ತನ್ನ ಊರಿನ ರೀತಿಯಲ್ಲಿ ಹೇಳಲಿ. ಆದರೆ ಫೋನಿನ ಗುಂಡಿ ಒತ್ತುವವರಿಗೆ ಬೇಕಾದದ್ದು ಅಂಕಿಗಳು. ಆದ್ದರಿಂದ ನಾಟಕ ಮುಗಿದ ಮೇಲೆ ಬರುವ ಪ್ರಕಟಣೆಯಲ್ಲಿ, ನಾಲ್ಕೂ ಪ್ರತಿಗಳಿಗೆ ಒಬ್ಬರದೇ ಧ್ವನಿಯಲ್ಲಿ, ಸಾದಾ ಬರವಣಿಗೆಯ ಕನ್ನಡದಲ್ಲಿ, ‘ಒಂದು, ಸೊನ್ನೆ, ಎಂಟು’ ಎಂದು ನಡುವೆ ತಡೆದು ತಡೆದು ಎರಡು ಸಲ ಹೇಳಿಸಿದ್ದೇವೆ.